ನಾನು ಹೊಡೆದುಹಾಕಿದ ಚೌಕ

ಖಾನಾಪುರದ ನನ್ನ ಮನೆಯೊಳಗೆ ಕಾಲಿಟ್ಟವಳೇ ತಂಗಿ, ಚೀಲದಿಂದ ಒಂದು ಹಾಳೆ ತೆಗೆದು ಹೊಲಿಗೆ ಮಷಿನ್ನಿನ ಮೇಲೆ ಬಡಿದಳು.

"ನೋಡ ಅಕ್ಕಾ, ನಿನ್ನ ಚೌಕಾನ ಹೊಡದ ಹಾಕ್ಯಾರ."

ಅವಳು ಬೆಳಗಾವಿಯ ಖಾಸಬಾಗದಲ್ಲಿ ಖೋಲಿ ಹಿಡಿದು ಪಿಎಚ್‌.ಡಿ. ಮಾಡುತ್ತಿದ್ದಳು. ತಂದೆತಾಯಿ ಮಕ್ಕಳ ಓದಿನಲ್ಲಿ ತೊಡಗಿದರೆ ಕಲಿಕೆ ಹೇಗೆ ಬದಲಾಗುತ್ತದೆ ಎಂಬುದು ಅವಳ ವಿಷಯ. ಆಗ ಬರೆಯುತ್ತಿದ್ದದ್ದು ಪರಿಕಲ್ಪನಾ ಚೌಕಟ್ಟಿನ ಅಧ್ಯಾಯ. ಯಾವುದು ಯಾವುದಕ್ಕೆ ಕಾರಣವಾಗಬಹುದು, ಯಾಕೆ ಹಾಗೆಂದುಕೊಂಡೆವು ಎಂದು ಅದರಲ್ಲಿ ಮೊದಲೇ ಹೇಳಬೇಕಂತೆ. ಹಾಳೆಯಲ್ಲಿದ್ದದ್ದು ಅದರ ಚಿತ್ರ. ಎಡಕ್ಕೆ ಪಾಲಕರ ಮೂರು ಚೌಕ: ಸಾಲೆಯ ಸಭೆಗೆ ಹೋಗುವುದು, ಮಗುವಿನ ಮೇಲಿಟ್ಟ ಆಸೆ, ಮನೆಯಲ್ಲಿ ಓದಿಗೆ ನೆರವು. ನಡುವೆ ಮಗುವಿನ ಓದುವ ರೂಢಿ. ಬಲಕ್ಕೆ ಕಲಿಕೆ. ಎಡದಿಂದ ಬಲಕ್ಕೆ ಬಾಣಗಳು. ಪಾಲಕರ ಶಿಕ್ಷಣದ ಬಾಣ ಮಾತ್ರ ಯಾವ ಚೌಕಕ್ಕೂ ಹೋಗದೆ ಇನ್ನೊಂದು ಬಾಣದ ನಡುವಿಗೆ ಚುಚ್ಚಿತ್ತು. ನಂಟನ್ನು ಅದು ಗಟ್ಟಿ ಮಾಡುತ್ತದೋ ಸಡಿಲ ಮಾಡುತ್ತದೋ ನೋಡಲಿಕ್ಕೆ ಎಂದಿದ್ದಳು.

'ಮನೆಯಲ್ಲಿ ನೆರವು' ಎಂಬ ಚೌಕದ ಮೇಲೆ ಕೆಂಪು ಪೆನ್ನಿನ ಗೀಟು ಬಿದ್ದಿತ್ತು.

"ಯಾಕಂತ?"

"ಪ್ರಶ್ನೆಪತ್ರದಾಗ ಇಪ್ಪತ್ತೂ ತಾಯಂದಿರು 'ಎಂದೂ ಇಲ್ಲ' ಅಂತ ಹೇಳ್ಯಾರ. ಮನಿಯಿಂದ ಮನಿಗೆ ಬದಲಾಗದ್ದು ವೇರಿಯಬಲ್ ಹೆಂಗಾಗ್ತದ, ಅದರಿಂದ ಬಾಣ ಎಲ್ಲಿಗೆ ಎಳೀತಿ ಅಂತ ಕೇಳಿದ್ರು ನಮ್ಮ ಗೈಡ್. ಸೋಮವಾರ ತಿದ್ದಿ ಕೊಡಬೇಕು."

ನನಗೆ ಮೈಯೆಲ್ಲ ಉರಿಯಿತು. "ಕುರ್ಚಿ ಮ್ಯಾಲೆ ಕುಂತು ಗೀಟ ಹೊಡ್ಯಾಕೇನಾತ? ಒಂದ ದಿನಾ ನಮ್ಮ ಮನಿಗೆ ಬಂದ ನೋಡಂತ ಹೇಳ ಅವರಿಗೆ" ಎಂದೆ. ಬೈದೆ, ಇನ್ನೂ ಬೈದೆ. ತಂಗಿ ಮೆಲ್ಲಗೆ ಅಂದಳು:

"ಆ ಚೌಕಾ ಬರಿಯೂಮುಂದ ನಿನ್ನ ನೆನಸಿ ಬರದಿದ್ದೆ ಅಕ್ಕಾ. ನಾ ಓದೂತನಾ ಬಾಜು ಕುಂದರತಿದ್ದೆಲ್ಲ, ಗುಂಡಿ ಹಚ್ಚಕೋತ."



ಆ ಇಪ್ಪತ್ತು ಪ್ರಶ್ನೆಪತ್ರ ತುಂಬಿದವಳು ನಾನೇ. ಐದನೇ ಇಯತ್ತೆಗೆ ಸಾಲೆ ಬಿಟ್ಟವಳು, ಟಿಕ್ ಹಾಕುವಷ್ಟು ಓದು ಬರುತ್ತದೆ. ಬ್ಲೌಸಿನ ಅಳತೆ ಕೊಡಲು ಬರುವ ಹೆಂಗಸರು ನನ್ನ ಮುಂದೆ ಬಾಯಿ ಬಿಡುತ್ತಾರೆ, ನನಗೆ ಮರಾಠಿಯೂ ಬರುತ್ತದೆ ಎಂದು ತಂಗಿ ನಂಬಿ ಕೊಟ್ಟಿದ್ದಳು. ಮಗುವಿನ ಓದಿಗೆ ನೆರವಾಗುತ್ತೀರಾ ಎಂದು ಕೇಳಿದರೆ ಒಬ್ಬಳು, "ಅಂವಾ ಓದೂತನಾ ಟಿವಿ ಹಚ್ಚಂಗಿಲ್ರಿ" ಅಂದಳು. ಇನ್ನೊಬ್ಬಳು, "ಭಾಂಡಿ ನಾನ ತಿಕ್ಕತೀನಿ, ಮಗಳಿಗೆ ಹಚ್ಚಂಗಿಲ್ಲ" ಅಂದಳು. ಪಾಠ ಜೋರಾಗಿ ಓದಿಸಿ ಕೇಳಿಸಿಕೊಳ್ಳುವವಳೂ ಇದ್ದಳು. ಏನೂ ಮಾಡುವುದಿಲ್ಲ ಎಂದವರು ನಾಲ್ಕೈದು ಮಂದಿ, ಅಷ್ಟೇ. ನಾನು ಎಲ್ಲರಿಗೂ 'ಎಂದೂ ಇಲ್ಲ' ಎಂದೇ ಟಿಕ್ ಹಾಕಿದೆ. "ಅಕ್ಷರ ಬರಂಗಿಲ್ಲ ಅಂದಮ್ಯಾಲ ಅದೆಂಥಾ ಸಹಾಯವಾ?" ಎಂದು ಅವರ ಮುಖಕ್ಕೇ ಅಂದಿದ್ದೆ. ತಂಗಿಯ ಕೆಲಸ ಚೊಕ್ಕವಾಗಿರಲಿ ಎಂಬ ಕಾಳಜಿ ಅಂತ ಆಗ ಅಂದುಕೊಂಡಿದ್ದೆ. ಅದು ಸುಳ್ಳು. ತಂಗಿಯ ಓದಿಗೆ ನಾನು ಮಾಡಿದ್ದನ್ನೇ ನಾನು ಲೆಕ್ಕಕ್ಕಿಲ್ಲದ್ದು ಎಂದು ತಿಳಿದಿದ್ದೆ. ಅವರು ಅದನ್ನೇ ತಲೆ ಎತ್ತಿ ಹೇಳಿದ್ದನ್ನು ಸಹಿಸಲಾಗಲಿಲ್ಲ.

ಇದನ್ನೆಲ್ಲ ತಂಗಿಗೆ ಹೇಳಿಬಿಟ್ಟೆ. ಅವಳು ಎದ್ದು ನಿಂತಳು.

"ನಿನ್ನ ಅಭಿಪ್ರಾಯ ಕೇಳಿದ್ನೇನ ನಾ? ಅವರು ಹೇಳಿದ್ದ ಬರಿ ಅಂದಿದ್ದೆ! ಇದಕ್ಕ ಸುಳ್ಳು ಮಾಹಿತಿ ಅಂತಾರ, ಅಕ್ಕಾ!"

"ಮತ್ತ ಟಿಕ್ ಹಾಕಿಕೊಡ್ಲೇನು?"

"ಮುಟ್ಟಬ್ಯಾಡ!"

ಗೈಡ್‌ಗೆ ನನ್ನ ಎದುರಿಗೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ನಾನು ಅಷ್ಟು ಬೈದ ಆ ಮನುಷ್ಯ ಕೂಗಾಡಲಿಲ್ಲ. ಆ ಇಪ್ಪತ್ತೂ ಪತ್ರ ಬಿಟ್ಟು ಹೊಸದಾಗಿ ಕೇಳು, ಸೋಮವಾರದ ಬದಲು ಬೇರೆ ವಾಯಿದೆ ಕೊಡುತ್ತೇನೆ, ಆದರೆ 'ನೆರವು' ಅಂದರೆ ಏನೇನು ಅಂತ ಅಧ್ಯಾಯದಲ್ಲಿ ಬಿಡಿಸಿ ಬರೆದು, ಒಂದೊಂದಕ್ಕೂ ಒಂದೊಂದು ಪ್ರಶ್ನೆ ಮಾಡು ಎಂದರಂತೆ. ಬಾಜು ಕೂಡುವುದು, ಕೆಲಸ ಹಚ್ಚದಿರುವುದು, ಓದಿದ್ದು ಕೇಳುವುದು ಎಂದು ತಂಗಿ ಬರೆದುಕೊಂಡಳು. ನನ್ನತ್ತ ನೋಡಲಿಲ್ಲ.

ಮುಂದಿನ ರವಿವಾರ ಅವಳೇ ಹೊಸ ಪತ್ರ ಹಿಡಿದು ನಮ್ಮ ಪಡಸಾಲೆಯಲ್ಲಿ ಕುಳಿತಳು. ನಾನು ಮಷಿನ್ ತುಳಿಯಬೇಕು, ಬಾಯಿ ತೆರೆಯಬಾರದು ಎಂದು ತಾಕೀತು. ಮೊದಲು ಬಂದವಳು ಆ ಟಿವಿ ಹಚ್ಚದ ತಾಯಿ.

"ಕುಂದರ್ರಿ. ಮಗ ಓದೂಮುಂದ ನೀವು ಏನ ಮಾಡತೀರಿ?"

ಆಕೆ ತಂಗಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಅದೆಲ್ಲಾ ಸಹಾಯ ಅಲ್ಲಂತ ನೀವ ಹೇಳಿದ್ರೆಲ್ರಿ, ಅಕ್ಕಾರ?"

ಮಷಿನ್ ನಿಂತಿತು. ತಂಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

"ನಾ ತಪ್ಪ ಹೇಳಿದ್ದೆವಾ," ಎಂದೆ. "ನೀ ಮಾಡೂದನ್ನ ಆಕಿಗೆ ಹೇಳು."