ಹಗ್ಗದ ಬಾಬ್ತು ಮುಂದಿನ ವರ್ಷಕ್ಕೆ

ಮುಲುಂಡಿನ ನಮ್ಮ ಫ್ಲ್ಯಾಟುಗಳ ಸೊಸೈಟಿಗೆ ನಾನು ಸೆಕ್ರೆಟರಿಯಾದದ್ದು ಬೇರೆ ಯಾರೂ ಒಪ್ಪದ್ದರಿಂದ. ಹುಣಸೂರಿನಿಂದ ಬಂದವಳಿಗೆ ಈ ಊರಲ್ಲಿ ಕಟ್ಟಿದ ಪಟ್ಟ ಅದೊಂದೇ.

ಆ ವರ್ಷದ ಬಜೆಟ್ಟಿನಲ್ಲಿ ಲಿಫ್ಟಿನ ಉಕ್ಕಿನ ಹಗ್ಗಗಳನ್ನು ಬದಲಿಸುವ ಖರ್ಚೂ ಇತ್ತು. ವಾರ್ಷಿಕ ಸಭೆಯಲ್ಲಿ ನೆಲಮಹಡಿಯ ನಿವೃತ್ತ ಆಡಿಟರ್ ಅದಕ್ಕೆ ತಿದ್ದುಪಡಿ ತಂದರು. ಅವರಿಗೆ ಲಿಫ್ಟೇ ಬೇಕಿಲ್ಲ, ಕೊಸರಾಟಕ್ಕೇನು ಕಡಿಮೆ! ಅನುಮೋದಿಸಲು ಒಬ್ಬರು ಬೇಕಿತ್ತು. ಐದನೇ ಮಹಡಿಯ ಹಿರಿಯ ಹೆಂಗಸು, ಇಲ್ಲಿಯ ರೂಢಿಯಂತೆ ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುವವರು, ಕೈ ಎತ್ತಿದರು.

"ಮೇಂಟೆನೆನ್ಸ್ ಹೆಚ್ಚಾದ್ರ ನನ್ನ ಮಗಾ ಎಲ್ಲಿಂದ ತರ್ತಾನ?" ಎಂದರು. ವಿಜಯಪುರದ ಕಡೆಯವರು, ಮಗ ಟ್ಯಾಕ್ಸಿ ಓಡಿಸುತ್ತಾನೆ, ಮನೆ ಸಾಲ ಮಾಡಿ ಕೊಂಡದ್ದು. ಬಹುಮತ ಬಂತು. ನಾನು ನಡಾವಳಿಯಲ್ಲಿ ಬರೆದೆ: 'ಬಜೆಟ್ಟನ್ನು ಈ ತಿದ್ದುಪಡಿಯೊಂದಿಗೆ ಅಂಗೀಕರಿಸಲಾಯಿತು. ಹಗ್ಗ ಬದಲಾವಣೆಯ ಬಾಬ್ತನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ. ಲಿಫ್ಟಿನ ಯಾವುದೇ ಒಂದು ಕೆಲಸಕ್ಕೆ ಸಮಿತಿಯು ಇಪ್ಪತ್ತೈದು ಸಾವಿರ ರೂಪಾಯಿ ಮೀರದಂತೆ ಖರ್ಚು ಮಾಡಬಹುದು. ಒಂದೇ ಕೆಲಸವನ್ನು ಒಡೆದು ಎರಡು ಬಿಲ್ ಮಾಡುವಂತಿಲ್ಲ. ಮಿತಿ ಮೀರಿದರೆ ಸಾಮಾನ್ಯ ಸಭೆಯ ಪೂರ್ವಾನುಮತಿ ಬೇಕು.'

ಕೊನೆಯ ಎರಡು ವಾಕ್ಯಗಳೂ ಆಡಿಟರರವೇ. ನುಸುಳಲು ಸಂದು ಬಿಟ್ಟಿರಲಿಲ್ಲ ಪುಣ್ಯಾತ್ಮ.

ಕೆಲವು ತಿಂಗಳ ಬಳಿಕ, ಮಳೆಗಾಲದಲ್ಲಿ, ಕಾಕುವಿಗೆ ಡಯಾಲಿಸಿಸ್ ಶುರುವಾಯಿತು. ಅದೇ ಹೊತ್ತಿಗೆ ಲಿಫ್ಟಿನ ಮೆಕ್ಯಾನಿಕ್ ಹಗ್ಗದ ಮೇಲೆ ಬಟ್ಟೆ ಎಳೆದು ತೋರಿಸಿದ. ತುಂಡಾದ ತಂತಿಗಳಿಗೆ ಬಟ್ಟೆ ಸಿಕ್ಕಿಕೊಂಡು ಹರಿಯಿತು. "ಮೇಡಮ್, ಬಂದ್ ರಖೋ" ಎಂದ, ಲಿಫ್ಟ್ ನಿಲ್ಲಿಸಿಡಬೇಕೆಂದು ಬರೆದೂ ಕೊಟ್ಟ.

ಹೊಸ ಹಗ್ಗದ ಖರ್ಚು ಮಿತಿಯ ಮೂರು ಪಟ್ಟು. ಅಧ್ಯಕ್ಷರಿಗೆ ಫೋನ್ ಮಾಡಿದೆ. "ಠರಾವು ಮೀರಿದರೆ ನಮ್ಮ ಕೈಯಿಂದ ತುಂಬಬೇಕು. ವಿಶೇಷ ಸಭೆ ಕರೆಯಿರಿ" ಎಂದರು. ಭಾನುವಾರಕ್ಕೆ ನೋಟಿಸ್ ಅಂಟಿಸಿ ಲಿಫ್ಟಿನ ಸ್ವಿಚ್ ಆರಿಸಿದೆ. ಬಾಗಿಲಿಗೆ ಬೀಗ ಹಾಕಿದೆ.

ಮರುದಿನ ಗುರುವಾರ, ಡಯಾಲಿಸಿಸ್ಸಿನ ದಿನ. ಕಾಕು ಚೀಲ ಹಿಡಿದು ಐದನೇ ಮಹಡಿಯಲ್ಲಿ ಲಿಫ್ಟಿನ ಮುಂದೆ ನಿಂತಿದ್ದರು. ಕಾಲು ಬಾತು ಚಪ್ಪಲಿಯ ಹೊರಗೆ ಬಂದಿತ್ತು.

"ಒಂದ್ ಸಲ ಚಾಲೂ ಮಾಡ್ರಿ ಬಾಯಿ. ಏನಾದ್ರೂ ಆದ್ರ ನನ್ನ ಹಣೇಬರಹ."

"ಆಗಲ್ಲ ಕಾಕು. ಮೆಟ್ಟಿಲಲ್ಲೇ ಇಳಿಯೋಣ, ನಾನು ಹಿಡ್ಕೋತೀನಿ."

"ಖರ್ಚು ಮಾಡಾಕ ಸಭಾ ಬೇಕಂತೀರಿ. ನಾ ಸಾಯಾಕೂ ಸಭಾ ಬೇಕೇನ?"

ಸಿಟ್ಟು ನೆತ್ತಿಗೇರಿತು. ನೀವೇ ಕೈ ಎತ್ತಿದ್ದಲ್ಲವೇ ಎಂಬ ಮಾತು ಬಾಯಿವರೆಗೂ ಬಂದು ನಿಂತಿತು. ಅವರ ಮುಖ ನೋಡಿದೆ, ಅವರಿಗದು ನೆನಪಿತ್ತು.

ಒಂದೊಂದು ಮಹಡಿಗೂ ಕೂರಿಸಿ ಇಳಿಸಿದೆ. ಮೂರನೆಯದರಲ್ಲಿ ಏದುಸಿರು ಬಿಡುತ್ತ ಕೇಳಿದರು, "ಐತವಾರ ಎಲ್ಲಾರೂ ಹೂಂ ಅಂದ್ರ, ಸೋಮವಾರ ಲಿಫ್ಟ್ ಚಾಲೂ ಆಕ್ಕೈತಿ?"

"ಹಗ್ಗ ತರಿಸ್ಬೇಕು, ಕಾಕು. ಇನ್ನೊಂದು ವಾರ ಹಿಡಿಯುತ್ತೆ."

ಅವರು ಗೋಡೆ ಹಿಡಿದು ಎದ್ದರು. ಗೇಟಿನಲ್ಲಿ ರಿಕ್ಷಾ ಹತ್ತಿಸಿ ತಿರುಗಿದೆ. ಇಳಿಯುವುದಕ್ಕೇ ಇಷ್ಟು. ರಕ್ತ ಶುದ್ಧವಾಗಿ, ಮೈಯಲ್ಲಿ ತ್ರಾಣವೇ ಉಳಿಯದೆ, ಸಂಜೆ ಅವರು ಅದೇ ಐದು ಮಹಡಿ ಹತ್ತಬೇಕಿತ್ತು.