ಸಂಡಿಗೆ ಕಾಯುವವರು

ವಸುಧಾ ಮದುವೆಯಾಗಿ ಗದಗಿನಿಂದ ಔರಂಗಾಬಾದಿಗೆ ಬಂದಾಗ, ಸಿಡ್ಕೋ ಬಡಾವಣೆಯ ಆ ಮನೆಯಲ್ಲಿ ಇದ್ದದ್ದು ಹೊರಗಿನ ಒಂದು ಕೋಣೆ ಮತ್ತು ಅಡುಗೆಮನೆ. ಕೋಣೆಯಲ್ಲಿ ಅತ್ತೆ ಸುಶೀಲಾಬಾಯಿ, ಮಾವ ರಘೋತ್ತಮರಾಯರು ಮಲಗುತ್ತಿದ್ದರು. ಪಾತ್ರೆ ತೊಳೆದು, ಕಟ್ಟೆ ಒರೆಸಿ, ನೆಲ ಆರಿದ ಮೇಲೆ ವಸುಧಾ ಮತ್ತು ಅರವಿಂದರ ಹಾಸಿಗೆ ಅಡುಗೆಮನೆಯಲ್ಲಿ ಬೀಳುತ್ತಿತ್ತು. ಬಚ್ಚಲಿಗೆ ಹೋಗುವ ದಾರಿಯೂ ಅದೇ ಆದ್ದರಿಂದ ನಡುವಿನ ಬಾಗಿಲಿಗೆ ಅಗಳಿ ಹಾಕುವಂತಿರಲಿಲ್ಲ.

ಮಾತಾಡಲಿಕ್ಕೆ ಅವರು ಹೊರಗೆ ಹೋಗಬೇಕಾಗಿತ್ತು. ಅರವಿಂದನಿಗೆ ಒಂದು ಖಾಸಗಿ ಕಂಪನಿಯಲ್ಲಿ ಗುಮಾಸ್ತನ ಕೆಲಸ; ಸಂಬಳದ ಬಹುಪಾಲು ಮನೆಗೇ ಸರಿಹೋಗುತ್ತಿತ್ತು. ಹಾಗಾಗಿ ಹೆಚ್ಚು ಖರ್ಚಿಲ್ಲದ ಜಾಗಗಳನ್ನೇ ಹುಡುಕಿದರು. ಸಿಟಿ ಬಸ್ಸು ಹತ್ತಿ ಸ್ಟೇಷನ್ನಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು. ಹಿಮಾಯತ್ ಬಾಗಿನ ಮರಗಳ ಕೆಳಗೆ ಒಂದು ಸುತ್ತು. ಮಕಬರಾದ ಹಳೇ ಗೋರಿಯ ಒಳಗೆ ಟಿಕೇಟು ಕೊಂಡು ಹೋಗದೆ, ಹೊರಗಿನ ಗೋಡೆಯ ನೆರಳಿನಲ್ಲಿ ಕೂತು ಒಂದು ಪೊಟ್ಟಣ ಶೇಂಗಾ. ಕೈಯಲ್ಲಿ ಮಾತ್ರ ತರಕಾರಿ ಚೀಲ ಇರಲೇಬೇಕು. ಚೀಲವಿಲ್ಲದೆ ಸೊಸೆ ಹೊಸ್ತಿಲು ದಾಟಿದರೆ ಎಲ್ಲಿಗೆ ಎಂಬ ಪ್ರಶ್ನೆ ಬರುತ್ತಿತ್ತು.

ಹೊರಡುವ ದಿನ ಅರವಿಂದ ಮುಖ ತೊಳೆದು ಚಪ್ಪಲಿ ಮೆಟ್ಟಿದರೆ ಆಯಿತು. ವಸುಧಾ ಅಷ್ಟರೊಳಗೆ ರಾತ್ರಿಯ ಪಲ್ಯ ಮಾಡಿ, ಜೋಳದ ಭಕ್ರಿ ಬಡಿದು, ಮಾವನ ಚಹಾದ ಪುಡಿ, ಸಕ್ಕರೆ ಅಳೆದಿಟ್ಟಿರಬೇಕು. ಬಸ್ಸಿನ ಕಿಟಕಿಯ ಗಾಳಿ ತಾಗಿದ್ದೇ ಅವಳಿಗೆ ನಿದ್ದೆ.

"ಮಾತಾಡ್ಲಿಕ್ಕೆ ಅಂತ ಕರ್ಕೊಂಡು ಬಂದ್ರ ನೀ ಗೊರಕಿ ಹೊಡೀತಿ," ಎಂದು ಅರವಿಂದ ಮುನಿಸಿಕೊಂಡ.

"ನೀವು ಭಕ್ರಿ ಬಡೀರಿ, ನಾ ಎಚ್ಚರ ಇರ್ತೀನಿ," ಎಂದಳು ವಸುಧಾ, ಕಣ್ಣು ತೆರೆಯದೆ.

ಆ ಬೇಸಿಗೆಯಲ್ಲಿ ಅವರಿಗೆ ಮಾಳಿಗೆ ಸಿಕ್ಕಿತು. ಏಪ್ರಿಲಿನಲ್ಲಿ ಅತ್ತೆ ಅಕ್ಕಿಹಿಟ್ಟಿನ ಸಂಡಿಗೆ ಹಾಕಿಸಿದರು. ನಸುಕಿನಲ್ಲೆದ್ದು ಹಿಟ್ಟು ಕುದಿಸಿ, ಗಂಟಾಗದಂತೆ ತೊಳಸಿ, ನಾಲ್ಕು ಮೂಲೆಗೆ ಕಲ್ಲಿಟ್ಟ ಹಳೇ ಧೋತರದ ಮೇಲೆ ಬಿಸಿಯಿರುವಾಗಲೇ ಒತ್ತಬೇಕು. ಆಮೇಲೆ ಕಾಗೆ, ಅಳಿಲುಗಳಿಂದ ಕಾಯಬೇಕು. ಭಾನುವಾರ ಅತ್ತೆಯೇ ಹೇಳಿದರು: "ಕಾಗಿ ಭಾಳ ಆಗ್ಯಾವ. ಇಬ್ರೂ ಕೂಡ್ರಿ ಮ್ಯಾಲೆ."

ನೀರಿನ ಟಾಕಿಯ ನೆರಳಿನಲ್ಲಿ ಕೂತ ಅವರಿಗೆ, ಮದುವೆಯಾದಾಗಿನಿಂದ ಮೊದಲ ಸಲ, ಯಾರೂ ನಡುವೆ ಹಾಯ್ದುಹೋಗದ ಒಂದು ಗಂಟೆ ಸಿಕ್ಕಿತು. ವಸುಧಾ ಆವತ್ತು ನಿದ್ದೆ ಮಾಡಲಿಲ್ಲ. ಗಂಟೆ ಮುಗಿಯುವ ಹೊತ್ತಿಗೆ ಮೆಟ್ಟಿಲಲ್ಲಿ ಕೆಮ್ಮು ಕೇಳಿತು. ಇಬ್ಬರೂ ಸರಿದು ಕೂತರು. ಅತ್ತೆ ಮಜ್ಜಿಗೆಯ ತಂಬಿಗೆ ಹಿಡಿದು ಬಂದರು.

ಆ ಗಂಟೆಗಾಗಿ ವಸುಧಾ ಪ್ರತಿ ಭಾನುವಾರ ಸಂಡಿಗೆ ಹಾಕಿದಳು. ಅಕ್ಕಿಯದಾದ ಮೇಲೆ ಸಾಬೂದಾಣಿ, ಆಮೇಲೆ ಅವಲಕ್ಕಿ, ಬೂದುಗುಂಬಳ. ತೋಳು ಸೋತು ಹೋಗುತ್ತಿತ್ತು. ಡಬ್ಬಿಗಳು ತುಂಬಿ, ಅಟ್ಟ ತುಂಬಿ, ಅಡುಗೆಮನೆಯ ಹಾಸಿಗೆಯ ಪಕ್ಕಕ್ಕೂ ಡಬ್ಬಿಗಳು ಬಂದವು.

"ಯಾರ ಮದುವಿಗೆ ಇಷ್ಟು?" ಎಂದರು ರಾಯರು.

"ಇರ್ಲಿ ಬಿಡ್ರಿ. ಹುಡುಗಿಗೆ ಹವ್ಯಾಸ ಅದ," ಎಂದರು ಸುಶೀಲಾಬಾಯಿ.

ಶ್ರಾವಣದ ಒಂದು ಮಧ್ಯಾಹ್ನ ಎದೆನೋವೆಂದು ಕೂತ ಸುಶೀಲಾಬಾಯಿ ಮತ್ತೆ ಏಳಲಿಲ್ಲ.

ಮನೆಯಲ್ಲಿ ಒಬ್ಬರು ಕಡಿಮೆಯಾದರೂ ಜಾಗ ಹೆಚ್ಚಾಗಲಿಲ್ಲ. ರಾಯರಿಗೆ ಒಬ್ಬರೇ ಮಲಗಲು ಅಂಜಿಕೆ. ಅರವಿಂದ ಅಪ್ಪನ ಪಕ್ಕ ಹೊರಗಿನ ಕೋಣೆಯಲ್ಲಿ ಮಲಗತೊಡಗಿದ. ವಸುಧಾ ಡಬ್ಬಿಗಳ ನಡುವೆ ಒಬ್ಬಳೇ. ಅಪ್ಪನನ್ನು ಬಿಟ್ಟು ಹೋಗಲಾಗದೆ ಬಸ್ಸಿನ ಸುತ್ತಾಟವೂ ನಿಂತಿತು. ಮುಂದಿನ ಬೇಸಿಗೆ ಬಂದಾಗ, ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಸಂಡಿಗೆ ಹಾಕಬಾರದೆಂದು ಊರಿನಿಂದ ಫೋನು ಬಂತು. ಗಂಡ ಹೆಂಡತಿಯ ಮಾತು ಉಪ್ಪು, ಗ್ಯಾಸು, ಔಷಧಿ ಇಷ್ಟಕ್ಕೆ ಬಂದು ನಿಂತಿತು. ಹೀಗೇ ನಡೆದರೆ ತಾವು ಒಂದೇ ಮನೆಯ ಇಬ್ಬರು ಕೆಲಸದವರಾಗಿಬಿಡುತ್ತೇವೆ ಎಂದು ವಸುಧಾಗೆ ಭಯವಾಯಿತು.

ಆಗ ಕೆಳಮನೆಯ ಸುಗುಣಾ ಬಂದರು. ಕುಂದಾಪುರದ ಕಡೆಯವರು, ಗಂಡ ನಾಶಿಕದಲ್ಲಿ ಹೋಟೆಲು ನಡೆಸುತ್ತಿದ್ದರು.

"ನಾಳೆ ನಮ್ಮದು ಹಲಸಿನ ಹಪ್ಪಳ ಒಣಗ್ಲಿಕ್ಕೆ ಹಾಕ್ತೇನೆ ಮಾರಾಯ್ತಿ, ಕಾಯಿ ಊರಿಂದ ಬಂದದ್ದು. ಸ್ವಲ್ಪ ನೋಡ್ಕೊಳ್ತೀಯಾ? ನಿನ್ನ ಗಂಡನನ್ನೂ ಕರ್ಕೊಂಡು ಹೋಗು. ಈಗ ಮೆಟ್ಟಿಲಲ್ಲಿ ಕಾವಲಿಗೆ ಯಾರೂ ಇಲ್ಲ, ಅಷ್ಟೇ."

"ಯಾವ ಕಾವಲು?"

"ನಿನ್ನ ಅತ್ತೆ. ನೀವು ಮೇಲೆ ಇದ್ದಷ್ಟು ಹೊತ್ತೂ ಮೇಲಿನ ಕೊನೇ ಮೆಟ್ಟಿಲ ಮೇಲೆ ಕೂತಿರ್ತಿದ್ರಲ್ಲ, ಮಜ್ಜಿಗೆ ಹಿಡ್ಕೊಂಡು. ಬಟ್ಟೆ ಒಣಗ್ಲಿಕ್ಕೆ ಹಾಕಲು ಹೋದ್ರೆ ನನ್ನನ್ನೂ ಬಿಡ್ತಿರ್ಲಿಲ್ಲ."

ವಸುಧಾ ಮಾಳಿಗೆಯ ಕಡೆ ನೋಡಿದಳು. ಕೊನೇ ಮೆಟ್ಟಿಲಿನಿಂದ ಟಾಕಿಗೆ ಎಷ್ಟು ದೂರ? ಪಿಸುಮಾತೂ ಕೇಳುವಷ್ಟು. ಆ ಗಂಟೆಗಳಲ್ಲಿ ತಾವು ಏನು ಮಾತಾಡಿದ್ದೆವು ಎಂದು ನೆನೆದಳು. ಪ್ರೀತಿಯ ಮಾತು ಸ್ವಲ್ಪ. ಉಳಿದದ್ದೆಲ್ಲ ಅತ್ತೆಯ ಬಗ್ಗೆಯೇ. ಅವರ ಕೊಂಕು, ಅವರು ಎಣ್ಣೆ ಅಳೆದು ಕೊಡುವ ರೀತಿ. ಇವರಿಲ್ಲದಿದ್ದರೆ ಮನೆ ಎಷ್ಟು ದೊಡ್ಡದಿರುತ್ತಿತ್ತು ಎಂದು ಒಮ್ಮೆ ತಾನೇ ಅಂದಿದ್ದಳು. ಅದನ್ನು ಕೇಳಿಯೂ ಮುಂದಿನ ಭಾನುವಾರ "ಇಬ್ರೂ ಹೋಗ್ರಿ" ಎಂದಿದ್ದರೇ? ಅಥವಾ ಕೇಳಲೆಂದೇ ಕಳಿಸುತ್ತಿದ್ದರೇ?

ಮರುದಿನ, ಏನೋ ಹೇಳುವುದಿದೆ ಎಂದು ಅರವಿಂದನನ್ನು ಮಾಳಿಗೆಗೆ ಕರೆತಂದು ಹಪ್ಪಳದ ಮುಂದೆ ಕೂತಳು. ಮೆಟ್ಟಿಲ ಕಡೆ ನೋಡುತ್ತಲೇ ಇದ್ದಳು. ಅಲ್ಲಿ ಯಾರೋ ಉಸಿರಾಡಿದಂತಾಯಿತು. ಅರವಿಂದ ಕೈ ಹಿಡಿಯಲು ಬಂದಾಗ ಸರಿದು ಕೂತಳು.

"ಯಾರದಾರ ಅಲ್ಲೆ?" ಎಂದ ಅವನು.

ಬಂದವರು ರಾಯರು. ಕಂಬಿ ಹಿಡಿದು, ಏದುಸಿರು ಬಿಡುತ್ತ. ಆ ಮನೆಗೆ ಬಂದಾಗಿನಿಂದ ಅವರು ಮಾಳಿಗೆ ಹತ್ತಿದ್ದೇ ಇಲ್ಲ. ಸುತ್ತ ನೋಡಿದರು. ದೂರದ ಗುಡ್ಡ, ಮಕಬರಾದ ಬಿಳಿ ಗುಮ್ಮಟ.

"ಅಕಿ ಭಾಳ ಸಲ ಕರದ್ಲು," ಎಂದರು. "ಇಬ್ರೂ ಮ್ಯಾಲೆ ಹೋಗಿ ಕೂಡೋಣು, ಗಾಳಿ ಛಲೋ ಬರ್ತದ ಅಂತಿದ್ಲು. ನಮ್ಮ ಅವ್ವ ಇದ್ದಾಗಿಂದ ಅಂತಿದ್ಲು. ಸಂಡಿಗಿ ಕಾಯೋದು ಹೆಂಗಸರ ಕೆಲಸ ಅಂತ ನಾ ಬರ್ಲಿಲ್ಲ."

ಒಂದು ಕಾಗೆ ಗೋಡೆಯ ಮೇಲೆ ಬಂದು ಕೂತಿತು. ರಾಯರು ಅದನ್ನು ನೋಡಿದರು, ಓಡಿಸಲಿಲ್ಲ.

ವಸುಧಾ ಎದ್ದು ಕೋಲನ್ನು ಅವರ ಕೈಗೆ ಕೊಟ್ಟಳು. "ಮಾವಾರ, ನೀವು ಕಾಯ್ರಿ. ಹಪ್ಪಳದ ಮ್ಯಾಲೆ ಬಿಸಿಲು ಪೂರ್ತಿ ಬರೋ ತನಕ. ಆಮ್ಯಾಲೆ ತಿರುವಿ ಹಾಕಬೇಕು."

"ನಾನಽ?"

"ಹೂಂ. ನಮಗ ಕೆಳಗ ಕೆಲಸ ಅದ."

ರಾಯರು ಟಾಕಿಯ ನೆರಳಿನಲ್ಲಿ ಕೂತರು. ವಸುಧಾ ಅರವಿಂದನನ್ನು ಕರೆದುಕೊಂಡು ಇಳಿದಳು. ಅತ್ತೆ ಕೂರುತ್ತಿದ್ದ ಮೇಲಿನ ಮೆಟ್ಟಿಲನ್ನು ಮಾತ್ರ ಮೆಟ್ಟದೆ ದಾಟಿದಳು.

ಮನೆ ಖಾಲಿಯಿತ್ತು. ಮುಂಬಾಗಿಲಿಗೆ ಅವಳೇ ಅಗಳಿ ಹಾಕಿದಳು. ಆ ಸದ್ದಿಗೆ ಇಬ್ಬರೂ ಬೆಚ್ಚಿದರು. ಅತ್ತೆ ಮಲಗುತ್ತಿದ್ದ ಜಾಗ ಬಿಟ್ಟು ಗೋಡೆಗೆ ಒರಗಿ ಕೂತರು. ಅಡುಗೆಮನೆಯಲ್ಲಿ ಬೆಳಗಿನ ಪಾತ್ರೆ ಹಾಗೇ ಬಿದ್ದಿದ್ದವು. ಅವಳ ಕಣ್ಣು ಅತ್ತ ಹೋಗುವುದನ್ನು ಕಂಡ ಅರವಿಂದ, "ಆಮ್ಯಾಲೆ ನಾ ತೊಳೀತೀನಿ," ಎಂದ. ಅವನು ತೊಳೆಯುತ್ತಾನೆಂದು ವಸುಧಾ ನಂಬಲಿಲ್ಲ; ಆದರೂ ಏಳಲಿಲ್ಲ.

"ಏನೋ ಹೇಳಬೇಕಂತಿದ್ದಿ?"

ಅವಳು ಹೇಳತೊಡಗಿದಳು. ಸುಗುಣಾ ಅಂದದ್ದು, ಹೋದ ಬೇಸಿಗೆಯಲ್ಲಿ ತಾನು ಅಂದದ್ದು, ಅದನ್ನು ಯಾರು ಕೇಳಿರಬಹುದೆಂಬುದು. ಬಹಳ ಹೊತ್ತು ಹೇಳಿದಳು. ಅರವಿಂದ ನಡುವೆ ಬಾಯಿ ಹಾಕದೆ ಕೇಳಿದ.

"ಜೋರಾಗಿ ಮಾತಾಡು," ಎಂದ ಕೊನೆಗೆ, ಅವನೂ ಪಿಸುಗುಟ್ಟುತ್ತಲೇ. "ಯಾರೂ ಇಲ್ಲ."

ವಸುಧಾ ಪ್ರಯತ್ನಿಸಿದಳು. ದನಿ ಏಳಲಿಲ್ಲ.