ಹುಣಸೂರು ಬಸ್ಸಿನಲ್ಲಿ ಬರೆದ ಒಂದು ವರ್ಷದ ಪಟ್ಟಿ

ಮದುವೆಯಾಗಿ ಕೆ.ಆರ್. ನಗರದಿಂದ ಹುಣಸೂರಿಗೆ ಬಂದ ಮೇಲೆ ನನ್ನ ಅರ್ಧ ಆಯುಷ್ಯ ಮೈಸೂರು ಬಸ್ಸಿನಲ್ಲೇ ಕಳೆದಿದೆ. ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ ಅದೇ ಬಸ್ಸಿಗೆ ನನ್ನದೇ ವಿಭಾಗದ ಹುಡುಗಿಯೊಬ್ಬಳು ಹತ್ತತೊಡಗಿದಳು. ಹಾರನಹಳ್ಳಿಯ ಕಡೆಯವಳು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಹುಣಸೂರಿನಲ್ಲಿ ಇಳಿದು, ನನ್ನ ಪಕ್ಕದ ಸೀಟಿಗೆ ಬರುತ್ತಿದ್ದಳು. ಮೊದಲ ವರ್ಷವೆಲ್ಲ ನಮಸ್ಕಾರ ಬಿಟ್ಟು ಬೇರೆ ಮಾತಿರಲಿಲ್ಲ.

ಮೂರನೇ ಸೆಮಿಸ್ಟರ್ ಶುರುವಾದ ವಾರ ಅವಳು ಒಂದು ನೋಟ್‌ಬುಕ್ ನನ್ನ ಮಡಿಲಲ್ಲಿಟ್ಟಳು.

"ಮೇಡಂ, ಮುಂದಿನ ವರ್ಷದೊಳಗೆ ಇಂಟರ್ನ್‌ಶಿಪ್ ತಗೋಬೇಕು. ಏನೇನ್ ಕಲೀಬೇಕು ಅಂತ ಬರ್ಕಂಡಿವ್ನಿ. ಸರಿ ಐತಾ ನೋಡಿ."

ಹದಿನಾಲ್ಕು ವಿಷಯಗಳಿದ್ದವು. ಪೈಥಾನ್, ಮೆಷಿನ್ ಲರ್ನಿಂಗ್, ಕ್ಲೌಡ್, ರೋಬಾಟ್, ಮೊಬೈಲ್ ಆ್ಯಪ್, ಡ್ರೋನ್. ಯೂಟ್ಯೂಬ್ ನೋಡಿ ಬರೆದದ್ದಂತೆ. ನಗು ಬಂತು, ಆದರೆ ನಗಲಿಲ್ಲ. ಅಷ್ಟು ದುಂಡಗೆ ಬರೆದಿದ್ದಳು.

"ವಾರಕ್ಕೆ ಎಷ್ಟು ಗಂಟೆ ಬಿಡುವು ಸಿಗುತ್ತೆ ನಿಂಗೆ?" ಎಂದೆ.

ಅವಳು ಬೆರಳು ಮಡಿಸಿದಳು. ಸಂಜೆ ಮನೆ ಸೇರುವಾಗ ಏಳು. ಆಮೇಲೆ ಅಮ್ಮನ ಜೊತೆ ಅಡುಗೆಗೆ ಕೈಹಾಕಬೇಕು. ಲ್ಯಾಬ್ ಇಲ್ಲದ ಬುಧವಾರ ಮಧ್ಯಾಹ್ನ, ಭಾನುವಾರ ಅರ್ಧ ದಿನ, ಇಷ್ಟೇ. ಎಲ್ಲ ಸೇರಿ ಏಳು ಗಂಟೆ, ಪರೀಕ್ಷೆಯ ವಾರಗಳಲ್ಲಿ ಅದೂ ಇಲ್ಲ. ಏಳು ಗಂಟೆಗೆ ಹದಿನಾಲ್ಕು ವಿಷಯ. ಅವಳೇ ಪುಸ್ತಕ ಮುಚ್ಚಿದಳು.

ಮರುದಿನ ಒಂದು ಕೆಲಸ ಕೊಟ್ಟೆ. ನಮ್ಮ ವಿಭಾಗದವರನ್ನು ಕರೆಯುವ ಹತ್ತು ಇಂಟರ್ನ್‌ಶಿಪ್ ಪ್ರಕಟಣೆ ಹುಡುಕಿ, ಅವರು ಏನು ಕೇಳುತ್ತಾರೆಂದು ಒಂದೊಂದು ಪದದ ಮುಂದೆ ಗೀಟು ಎಳೆಯಲು ಹೇಳಿದೆ. ವಾರದ ಕೊನೆಗೆ ಬಿಳಿಕೆರೆ ದಾಟುವಷ್ಟರಲ್ಲಿ ಇಬ್ಬರೂ ಗೀಟು ಎಣಿಸಿದೆವು. ಸಿ ಭಾಷೆಯ ಕೋಡಿಂಗ್, ಮೈಕ್ರೊಕಂಟ್ರೋಲರ್, ಸರ್ಕ್ಯೂಟ್ ನಕ್ಷೆ ಓದಿ ಬೆಸುಗೆ ಹಾಕುವುದು, ಬರೆದ ಕೋಡನ್ನು ಹಂತಹಂತವಾಗಿ ಉಳಿಸಿಡುವ ಗಿಟ್ ಬಳಸುವುದು, ಇವಕ್ಕೇ ಹೆಚ್ಚು ಗೀಟು. ಮೆಷಿನ್ ಲರ್ನಿಂಗ್ ಎರಡು ಕಡೆ ಮಾತ್ರ ಇತ್ತು, ಅದೂ ಕೊನೆಯ ವರ್ಷದವರಿಗೆ. ಸರ್ಕ್ಯೂಟ್ ಬೋರ್ಡನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವುದಕ್ಕೆ ಮೂರು ಗೀಟು. ಅದನ್ನು ನಾನೇ ಹೊಡೆದುಹಾಕಿದೆ. ನಾಲ್ಕು ಸಾಕು ಅಂದೆ. ಜೊತೆಗೆ ತಿಂಗಳಿಗೊಂದು ಪುಟ: ಏನು ಮಾಡಿದೆ, ಏನು ಕೆಟ್ಟಿತು.

ಇನ್ನು ಪ್ರಾಜೆಕ್ಟು. ಕಪ್ಪು ಗೆರೆ ಹಿಡಿದು ಓಡುವ ಪುಟ್ಟ ಗಾಡಿ ಮಾಡು ಎಂದೆ. ಪ್ರತಿ ವರ್ಷ ಅದನ್ನೇ ಮಾಡಿಸಿ ನನಗೆ ರೂಢಿಯಾಗಿತ್ತು.

"ಅದ್ನ ಕ್ಲಾಸಲ್ಲಿ ಎಲ್ರೂ ಮಾಡ್ತಾರೆ ಮೇಡಂ," ಎಂದಳು ಮೆಲ್ಲಗೆ. "ಮಾಡಿ ಬೀರುನಲ್ಲಿ ಇಡ್ತಾರೆ."

ಒಂದು ಕ್ಷಣ ನನಗೆ ಸಿಟ್ಟೇ ಬಂತು. ಆದರೆ ಅವಳು ಹೇಳಿದ್ದು ನಿಜ. "ಹಾಗಾದ್ರೆ ನಿಮ್ಮನೇಲಿ ಉಪಯೋಗಕ್ಕೆ ಬರೋದು ಯಾವುದು ಹೇಳು," ಎಂದೆ.

ಅವರದು ಹೊಗೆಸೊಪ್ಪಿನ ಮನೆ. ಹಸಿ ಎಲೆಯನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಗೂಡಿನಲ್ಲಿ ಐದಾರು ದಿನ ಶಾಖವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಅವಳ ಅಪ್ಪ ಗಂಟೆಗೊಮ್ಮೆ ಕಿಂಡಿಯ ಗಾಜಿನಿಂದ ಎರಡು ಥರ್ಮಾಮೀಟರ್ ನೋಡುತ್ತಾರೆ, ಒಂದು ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ಎರಡರ ಅಂತರದಿಂದ ಒಳಗಿನ ತೇವ ತಿಳಿಯುತ್ತದೆ. "ಅದ್ನ ಅಪ್ಪ ಮನೇಲಿ ಕುಂತೇ ನೋಡೋ ಅಂಗೆ ಮಾಡಿದ್ರೆ?" ಎಂದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು. ಗಾಡಿಯ ವಿಷಯ ನಾನು ಮತ್ತೆ ಎತ್ತಲಿಲ್ಲ.

ವರ್ಷವನ್ನು ಮೂರು ಭಾಗ ಮಾಡಿದೆವು. ಬ್ಯಾರನ್ ಇನ್ನೂ ಉರಿಯುತ್ತಿರುವಾಗಲೇ ಒಂದು ಸಣ್ಣ ಮಾದರಿ. ಸಂಕ್ರಾಂತಿಯಿಂದ ಬೇಸಿಗೆಯವರೆಗೆ ಬೆಸುಗೆ, ಗಿಟ್, ಅದೇ ಸಾಧನವನ್ನು ಗಟ್ಟಿಯಾಗಿ ಕಟ್ಟುವುದು. ಹೊಸ ಎಲೆ ಬಂದಾಗ ಪೂರ್ತಿ ಪರೀಕ್ಷೆ.

ಸಣ್ಣ ಮಾದರಿ ಮೂರನೇ ದಿನವೇ ಕೈಕೊಟ್ಟಿತು. ಅವಳು ಬಸ್ಸಿಗೆ ಹತ್ತಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತಳು. ಮಲ್ಲಿನಾಥಪುರ ದಾಟಿದ ಮೇಲೆ ಚೀಲದಿಂದ ಸೆನ್ಸರ್ ತೆಗೆದಳು.

"ಐವತ್ತು ಡಿಗ್ರಿ ಆದ್ಮೇಲೆ ಏನೇನೋ ತೋರಿಸ್ತು ಮೇಡಂ. ಅಪ್ಪ ಅದನ್ನ ನಂಬ್ಕಂಡು ಬೆಂಕಿ ಆಕಿದ್ರೆ ಸೊಪ್ಪೆಲ್ಲ ಹೋಗ್ತಿತ್ತು. ಈ ಪ್ರಾಜೆಕ್ಟ್ ಬ್ಯಾಡ. ಎಲ್ರಂಗೆ ಗಾಡೀನೇ ಮಾಡ್ತೀನಿ."

ಅವಳ ಕೈಯಲ್ಲಿದ್ದ ನೀಲಿ ಸೆನ್ಸರ್ ನೋಡಿದೆ. ವಿದ್ಯಾರ್ಥಿಗಳೆಲ್ಲ ಮೊದಲು ಕೊಳ್ಳುವ ಅಗ್ಗದ ಸೆನ್ಸರ್ ಅದು, ಅಳೆಯುವುದೇ ಐವತ್ತರವರೆಗೆ. ಬ್ಯಾರನ್ನಿನಲ್ಲಿ ಕೊನೆಗೆ ಎಪ್ಪತ್ತರ ಹತ್ತಿರ ಹೋಗುತ್ತದೆ. ತಯಾರಿಸಿದವರು ಕೊಡುವ ಡೇಟಾಶೀಟಿನಲ್ಲಿ ಅದು ಬರೆದೇ ಇರುತ್ತದೆ. ಅವಳು ಓದಿರಲಿಲ್ಲ. ಓದು ಎಂದು ನಾನೂ ಹೇಳಿರಲಿಲ್ಲ. ವಾರದ ಹಿಂದೆ ಅದೇ ಸೆನ್ಸರನ್ನು ಅವಳು ತೋರಿಸಿದಾಗ "ಚೆನ್ನಾಗಿದೆ" ಅಂದಿದ್ದೆ. ಅದನ್ನೂ ಅವಳೆದುರು ಒಪ್ಪಿಕೊಂಡೆ.

"ತಪ್ಪು ಇಬ್ಬರದೂ ಕಣಮ್ಮ. ಈ ತಿಂಗಳ ಪುಟದಲ್ಲಿ ಇದನ್ನೇ ಬರಿ."

"ಕೆಟ್ಟೋಗಿದ್ನ ಯಾರ್ ಓದ್ತಾರೆ ಮೇಡಂ?"

"ನಾನು ಓದ್ತೀನಿ."

ಅವಳು ನೋಟ್‌ಬುಕ್ ತೆಗೆದಳು. ಇಬ್ಬರೂ ಪಟ್ಟಿ ತಿದ್ದಿದೆವು. ಅಪ್ಪನ ಫೋನಿಗೆ ಆ್ಯಪ್ ಮಾಡುವ ಅವಳ ಆಸೆಯನ್ನು ಸದ್ಯಕ್ಕೆ ಬಿಟ್ಟೆವು, ಮನೆಯೊಳಗೆ ಒಂದು ಪುಟ್ಟ ಪರದೆ ಸಾಕು ಎಂದಾಯಿತು. ಉಳಿದ ಸಮಯ ಅಳತೆ ಸರಿನೋಡುವುದಕ್ಕೆ. ಲೋಹದ ಕೊಳವೆಯೊಳಗಿನ, ನೂರು ಡಿಗ್ರಿ ದಾಟಿದರೂ ಅಳೆಯುವ ಎರಡು ಸೆನ್ಸರ್ ತಂದಳು. ಒಂದಕ್ಕೆ ಅಪ್ಪನ ಹಾಗೆಯೇ ಒದ್ದೆ ಬಟ್ಟೆ ಸುತ್ತಿದಳು. ಬ್ಯಾರನ್ ಆರಿದ್ದ ತಿಂಗಳುಗಳಲ್ಲಿ ಅಡುಗೆಮನೆಯ ಬಿಸಿನೀರಿನಲ್ಲಿ ಥರ್ಮಾಮೀಟರಿನ ಜೊತೆ ಮುಳುಗಿಸಿ ಹೋಲಿಸಿದಳು. ಅವಳ ಅಮ್ಮ, "ಸಾರಿನ್ ಪಾತ್ರೆ ಬುಟ್ಬುಡು, ಬೇರೆ ಯಾವ್ದಾರ ತಗೋ," ಎನ್ನುತ್ತಿದ್ದರಂತೆ.

ಜುಲೈನಲ್ಲಿ ಹೊಸ ಎಲೆ ಏರಿಸಿದಾಗ ಒಂದು ಭಾನುವಾರ ಅವರ ಮನೆಗೆ ಹೋದೆ. ಅವಳ ಅಪ್ಪ ಪರದೆಯನ್ನೂ ಕಿಂಡಿಯನ್ನೂ ನೋಡಿ ತಲೆಯಾಡಿಸಿದರು.

"ಮಿಶಿನ್ನು ಮೂರು ಡಿಗ್ರಿ ಕಮ್ಮಿ ತೋರಿಸ್ತದೆ ಕಣವ್ವ."

ಹುಡುಗಿ ನನ್ನ ಮುಖ ನೋಡಿದಳು. "ಬಿಸಿನೀರಲ್ಲಿ ಸರಿಯಾಗೇ ಇತ್ತಲ್ಲ," ಎಂದೆ ನಾನು.

"ನಿನ್ ಸೆನ್ಸರ್ ಕಡ್ಡೀನ ಎಲ್ಲಿ ನೇತಾಕಿದ್ದೀಯ?" ಎಂದು ಕೇಳಿದರು ಅಪ್ಪ.

"ಮ್ಯಾಲೆ, ತೊಲೆಗೆ."

"ಶಾಖ ಬರೋದು ಕೆಳಗಿಂದ. ಹಸಿ ಎಲೆ ಸಂದೀಲಿ ಅತ್ತಿ ಹೋಗೋವಷ್ಟರಲ್ಲಿ ತಣ್ಣಗಾಯ್ತದೆ. ನಂದು ಕೆಳಗಿನ್ ಸಾಲಿನ ಎಲೆ ಪಕ್ಕ ಐತೆ. ಅಲ್ಲಿಗ್ ಕಟ್ಟು."

ಮುಂದಿನ ಸಲ ಎಲೆ ಏರಿಸುವಾಗ ಕೆಳಗೆ ಕಟ್ಟಿದಳು. ಎರಡೂ ಒಂದೇ ಅಳತೆ ತೋರಿಸಿದವು. ಆ ತಿಂಗಳ ಪುಟದಲ್ಲಿ ಅವಳು ಅಪ್ಪನ ಮಾತನ್ನು ಹಾಗೆಯೇ ಬರೆದಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ಕಾರಣ.

ಇಂಟರ್ನ್‌ಶಿಪ್ ಸಂದರ್ಶನಕ್ಕೆ ಮೊದಲು ಕರೆದ ಕಂಪನಿ ಅವಳನ್ನು ತೆಗೆದುಕೊಳ್ಳಲಿಲ್ಲ. ಅವರಿಗೆ ಬೋರ್ಡ್ ವಿನ್ಯಾಸ ಬಲ್ಲವರು ಬೇಕಿತ್ತು, ನಾನು ಹೊಡೆದುಹಾಕಿದ್ದ ಅದೇ ವಿಷಯ. ಬಸ್ಸಿನಲ್ಲಿ ನಾನೇ ಸಪ್ಪಗೆ ಕೂತಿದ್ದೆ. ಅವಳು ಡಬ್ಬಿ ತೆಗೆದು ಚಕ್ಕುಲಿ ಕೊಟ್ಟಳು.

"ಎಲ್ಲಾನೂ ಒಂದೇ ವರ್ಷಕ್ಕೆ ಆಗ್ತಿತ್ತಾ ಮೇಡಂ? ಅದ್ನ ಮೂರ್ನೇ ವರ್ಷಕ್ಕೆ ಆಕಂಡ್ರಾಯ್ತು ಬುಡಿ."

ಎರಡನೆಯದು ಮೈಸೂರಿನ ಸಣ್ಣ ಕಂಪನಿ, ಶೀತಲ ಗೋದಾಮುಗಳಿಗೆ ಶಾಖ ಅಳೆಯುವ ಸಾಧನ ಮಾಡುವವರು. ಸಿ ಭಾಷೆಯ ಮೇಲೆ ಸ್ವಲ್ಪ ಹೊತ್ತು ಕೇಳಿ, ಸಾಧನ ಎಲ್ಲೆಲ್ಲಿ ಕೆಟ್ಟಿತು ಹೇಳಿ ಎಂದರಂತೆ. ಅವಳು ತಿಂಗಳ ಪುಟಗಳನ್ನು ಮೇಜಿನ ಮೇಲೆ ಹರಡಿದಳು. ಐವತ್ತು ಡಿಗ್ರಿಯ ಸೆನ್ಸರ್, ತೊಲೆಗೆ ಕಟ್ಟಿದ ಕಡ್ಡಿ. ಅವರು ಅವನ್ನು ಒಂದೊಂದಾಗಿ ಓದಿದರಂತೆ. ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲಿನ ರಜೆಗೆ ನಾಲ್ಕು ವಾರ ಬರಲು ಹೇಳಿದರು.

ನನಗೆ ಮೊದಲು ಫೋನ್ ಮಾಡಿದ್ದು ಅವಳ ಅಪ್ಪ. "ಮೇಡಂ, ನಮ್ ಬ್ಯಾರನ್ ನೋಡೋಕೆ ಆ ಕಂಪ್ನಿಯವ್ರು ಬತ್ತಾರಂತೆ. ಊಟಕ್ಕೆ ಏನ್ ಮಾಡ್ಸೋದು ಹೇಳಿ," ಎಂದರು. ಮುದ್ದೆ, ಸೊಪ್ಪಿನ ಸಾರು ಸಾಕು ಎಂದೆ. ಅವರು ಬಂದ ದಿನ ಕೋಳಿಯೂ ಆಗಿತ್ತು, ಊಟಕ್ಕೆ ನನ್ನನ್ನೂ ಕರೆದಿದ್ದರು.